ಗಾಜಿನಾಚೆಯ ಅತ್ತೆ

ನಿಮ್ಮತ್ತೆ ಏನು ಕೆಲಸ ಮಾಡ್ತಾರೆ ಅಂತ ಯಾರಾದರೂ ಕೇಳಿದರೆ ಸೊಸೆಯ ಬಾಯಿಗೆ ಬೀಗ ಬೀಳುತ್ತಿತ್ತು. ಹಾಡ್ತಾರಾ? ಇಲ್ಲ. ಬಾರಿಸ್ತಾರಾ? ಇಲ್ಲ. ಮೈಕು ಜೋಡಿಸಿ ಗುಂಡಿ ತಿರುಗಿಸ್ತಾರಾ? ಅದಕ್ಕೆ ಇಂಜಿನಿಯರ್ ಬೇರೆ ಇದ್ದಾನೆ. "ರಾಕ್ ಬ್ಯಾಂಡುಗಳಿಗೆ ರೆಕಾರ್ಡ್ ಪ್ರೊಡ್ಯೂಸರ್" ಅಂದರೆ, "ಓಹೋ, ದುಡ್ಡು ಹಾಕೋರು" ಎಂದು ತಾವೇ ತೀರ್ಮಾನಿಸಿಕೊಂಡು ಮಾತು ಬದಲಿಸುತ್ತಿದ್ದರು. ಮಾವನ ಉತ್ತರವೇ ಎಷ್ಟೋ ವಾಸಿ. "ನಿಮ್ಮತ್ತೆ ಒಂದು ಕಡೆ ಕೂತ್ಕೊಂಡು 'ಬೇಡ' ಅಂತಾಳೆ. ಊರವರು ಅದಕ್ಕೆ ಕರೆದು ಮರ್ಯಾದೆ ಮಾಡ್ತಾರೆ. ನನಗೆ ಮನೇಲೇ ಪುಕ್ಕಟೆ ಸಿಗುತ್ತೆ."

ಅತ್ತೆ ಹುಡುಗಿಯಾಗಿದ್ದಾಗ ಸ್ಟುಡಿಯೋಗಳಲ್ಲಿ ಸೋಪಿನ ಜಾಹೀರಾತಿಗೆ, ಟೂತ್‌ಪೇಸ್ಟಿನ ಜಾಹೀರಾತಿಗೆ ಹಿಂದೆ ನಿಂತು "ಆಆ" ಅನ್ನುವ ಕೋರಸ್ಸಿನವರಲ್ಲಿ ಒಬ್ಬರು. ಧ್ವನಿ ಸಾಧಾರಣ. ಅದು ಅವರಿಗೇ ಗೊತ್ತಿತ್ತು, ಆ ಬಗ್ಗೆ ದುಃಖವೂ ಇರಲಿಲ್ಲ. ಆದರೆ ಹಾಡುತ್ತಾ ಹಾಡುತ್ತಾ ಪಕ್ಕದವಳ ಮೂಗಿನ ಸ್ವರ, ಹಿಂದಿನವನ ಶೂ ಕಿರುಗುಟ್ಟಿದ್ದು, ಡ್ರಮ್ಮಿನವನು ಬೇಸರದಿಂದ ಬಾರಿಸುತ್ತಿರುವುದು ಎಲ್ಲ ಕಿವಿಗೆ ಬೀಳುತ್ತಿತ್ತು. ಬಿದ್ದದ್ದನ್ನು ಬಾಯಿ ಬಿಟ್ಟು ಹೇಳುವ ಚಟವೂ ಇತ್ತು. "ಈ ಹುಡುಗೀನ ಮೈಕಿನ ಮುಂದೆ ಇಟ್ಕೊಂಡ್ರೆ ತಲೆನೋವು, ಗಾಜಿನ ಈ ಕಡೆ, ರೆಕಾರ್ಡ್ ಮಾಡೋರ ಹತ್ರ ಕೂರಿಸಿ" ಅಂದರಂತೆ ಯಾರೋ ಹಿರಿಯರು. ಅಂದು ಕೂತವರು ಮತ್ತೆ ಆ ಕಡೆ ಹೋಗಲೇ ಇಲ್ಲ. ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸುವುದರಿಂದ ಶುರು ಮಾಡಿ, ಮೈಕು ಇಡುವುದು ಕಲಿತು, ಕೊನೆಗೆ ಯಾವುದನ್ನೂ ಮುಟ್ಟದೆ ಬರೀ ಕೇಳುವ ಕೆಲಸಕ್ಕೆ ಬಂದು ನಿಂತರು. ಕೂದಲು ಬಿಟ್ಟ ಹುಡುಗರು, ಹರಿದ ಜೀನ್ಸಿನ ಹುಡುಗಿಯರು "ಅಮ್ಮಾ" ಅಂತ ಬಂದು, ಬೈಸಿಕೊಂಡು, ಮುಂದಿನ ರೆಕಾರ್ಡಿಗೂ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಇಂಥ ಅತ್ತೆಯ ಮುಂದೆ ಸೊಸೆ ಹಾಡಿನ ವಿಷಯವೇ ಎತ್ತುತ್ತಿರಲಿಲ್ಲ. ಮದುವೆಗೆ ಮುಂಚಿನಿಂದಲೂ ಅವಳದೊಂದು ಬ್ಯಾಂಡ್ ಇತ್ತು. ಗಿಟಾರಿನವನನ್ನು ಎಲ್ಲರೂ ಜಡೆ ಅನ್ನುತ್ತಿದ್ದರು, ಕೂದಲು ಅಷ್ಟುದ್ದ. ಡ್ರಮ್ಮರ್‌ಗೆ ದಪ್ಪಣ್ಣ ಎಂದು ಹೆಸರು, ಕಡ್ಡಿಯ ಹಾಗಿದ್ದುದರಿಂದ. ಬೇಸ್ ಗಿಟಾರಿನವನು ಮಾತೇ ಆಡದ್ದರಿಂದ ಮುನಿ. ಹೆರಿಗೆಯ ನಂತರ ಅವಳು ಬ್ಯಾಂಡಿಗೆ ಮರಳಿ ಬಂದಾಗ ರೆಕಾರ್ಡಿನ ಮೂರು ಹಾಡು ಜಡೆಯ ಧ್ವನಿಯಲ್ಲಿ ಮುಗಿದೇ ಹೋಗಿದ್ದವು. ಉಳಿದದ್ದು ಒಂದೇ, ಅವಳೇ ಬರೆದದ್ದು. ಬಸುರಿಯಾಗಿದ್ದಾಗ ನಿದ್ದೆ ಬಾರದೆ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಬರೆದ ಹಾಡು. "ಎದ್ದೇ ಇದೀನಿ, ಎದ್ದೇ ಇದೀನಿ, ಊರಿಗೆ ಊರೇ ಮಲಗಿದರೂ" ಅನ್ನುವ ಪಲ್ಲವಿ. ಅದನ್ನು ಮಾಡಿಸಿಕೊಡಲು ಬ್ಯಾಂಡಿನವರು ಕರೆದದ್ದು ಅತ್ತೆಯನ್ನು.

ಅವಳಿಗೆ ಪಲ್ಲವಿಯ ತುದಿಯ ಎತ್ತರದ ಸ್ವರ ಮೊದಲು ಸಲೀಸಾಗಿ ಬರುತ್ತಿತ್ತು, ಈಗ ಬರುತ್ತಿಲ್ಲ. ಹೊಟ್ಟೆಯಲ್ಲಿ ಕಸುವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಬ್ಯಾಂಡಿನಲ್ಲಿ ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಅತ್ತೆ ಅನ್ನದೆ ಬಿಡುತ್ತಾರೆಯೇ?

"ಒಂದು ಮಾತು," ಅಂದರು ಅತ್ತೆ ಹೊರಡುವ ಮುಂಚೆ, ಚಪ್ಪಲಿ ಹಾಕಿಕೊಳ್ಳುತ್ತಾ. "ಆ ಬಾಗಿಲು ದಾಟಿದ ಮೇಲೆ ನಾನು ನಿನ್ನ ಅತ್ತೆ ಅಲ್ಲ."

"ಮತ್ತೆ ಏನಂತ ಕರೀಲಿ?"

"ಅತ್ತೆ ಅಂತಲೇ ಕರಿ, ಪರವಾಗಿಲ್ಲ. ನಾನು ಓಗೊಟ್ರೆ ತಾನೆ!"

ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಾವ, "ಹೋಗಮ್ಮ, ಹೆದರಬೇಡ. ಬೇಡ ಅಂದ್ರೆ ಬೇಡ ಅಂದ್ಕೊಂಡು ಮನೆಗೆ ಬಾ. ನಾನಿಲ್ವಾ ಹಾಗೇ ಬದುಕಿ?" ಅಂದರು.

ಮೊದಲ ಕೆಲಸ ಸ್ಟುಡಿಯೋದಲ್ಲಲ್ಲ, ಟೈಲ್ಸ್ ಅಂಗಡಿಯ ಹಿಂದಿದ್ದ ಪ್ರಾಕ್ಟೀಸ್ ರೂಮಿನಲ್ಲಿ. ಮೊಟ್ಟೆಯ ಟ್ರೇ ಅಂಟಿಸಿದ ಗೋಡೆ, ಒಂದೇ ಫ್ಯಾನು, ಅದನ್ನೂ ಸದ್ದಾಗುತ್ತದೆ ಅಂತ ಅತ್ತೆ ಆರಿಸಿಬಿಟ್ಟರು. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ, ಹಾಡನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ಜಡೆಯನ್ನು ನೋಡಿದರು.

"ಶುರುವಿನ ಗಿಟಾರ್ ಯಾರು ಹಾಕಿದ್ದು?"

"ನಾನೇ ಅಮ್ಮಾ," ಅಂದ ಜಡೆ, ಹೊಗಳಿಕೆಗೆ ತಲೆಯೊಡ್ಡಿ.

"ಚೆನ್ನಾಗಿದೆ. ತೆಗಿ."

"ಪೂರ್ತಿನಾ?"

"ಮನೆಗೆ ಬಾ ಅಂತ ಕರೆದು ಗೇಟಲ್ಲೇ ನಿಲ್ಲಿಸಿ ಕಾಂಪೌಂಡು ತೋರಿಸ್ತಿದೀಯ ನೀನು. ಎದ್ದೇ ಇದೀನಿ ಅನ್ನೋಳು ಯಾಕೆ ಅಷ್ಟು ಹೊತ್ತು ಕಾಯ್ತಾಳೆ? ಅವಳ ಮಾತಿಂದಲೇ ಶುರುವಾಗ್ಲಿ."

ಹೀಗೇ ಸಾಗಿತು. ಎರಡನೆಯ ಚರಣ ಅರ್ಧಕ್ಕೆ ನಿಂತು ಪಲ್ಲವಿ ಬೇಗ ಬರಬೇಕು, ಮೊದಲರ್ಧದಲ್ಲಿ ಹೇಳಿದ್ದನ್ನೇ ಎರಡನೆಯರ್ಧದಲ್ಲಿ ಹೇಳಿದೆ. ಮೊದಲ ಚರಣಕ್ಕೆ ಗಿಟಾರೇ ಬೇಡ, ಬೇಸ್ ಮತ್ತು ಡ್ರಮ್ ಸಾಕು. ಆದರೆ ದಪ್ಪಣ್ಣನ ಕಾಲಿನ ಏಟು ಒಂದು ಕಡೆ, ಮುನಿಯ ಬೆರಳು ಇನ್ನೊಂದು ಕಡೆ ಬೀಳುತ್ತಿದೆ. "ಇಬ್ರೂ ಒಂದೇ ಮಂಚದ ಕಾಲುಗಳು ಕಣ್ರಪ್ಪ. ಒಂದು ಮೇಲೆ ಒಂದು ಕೆಳಗೆ ಇದ್ರೆ ಮಲಗಿದೋನು ಬೀಳ್ತಾನೆ." ತಾಳದ ತಟ್ಟೆಗಳನ್ನು ದಪ್ಪಣ್ಣ ಮೊದಲ ಪಲ್ಲವಿಯಲ್ಲಿ ಮುಟ್ಟುವ ಹಾಗಿಲ್ಲ. ಎಲ್ಲ ಮೊದಲೇ ಖರ್ಚು ಮಾಡಿದರೆ ಕೊನೆಗೆ ದೊಡ್ಡದು ಮಾಡುವುದು ಏನನ್ನು?

ಸೊಸೆಗೆ ಬೆರಗಾಯಿತು. ಹೊಸದು ಒಂದೂ ಸೇರಿಸಿಲ್ಲ, ಬರೀ ತೆಗೆದಿದ್ದಾರೆ. ಆದರೂ ಹಾಡು ಮೈಕೊಡವಿ ಎದ್ದು ನಿಂತ ಹಾಗಿತ್ತು. ಅಷ್ಟರಲ್ಲಿ ಪಲ್ಲವಿ ಬಂತು, ತುದಿಯ ಸ್ವರದಲ್ಲಿ ಅವಳ ಧ್ವನಿ ತೆಳುವಾಗಿ ಸೀಳಿ ಕೈಬಿಟ್ಟಿತು.

ಎಲ್ಲರೂ ನಿಲ್ಲಿಸಿದರು. ಜಡೆ ಕೆಟ್ಟವನಲ್ಲ, ಆದರೆ ಮಾತು ಆಡಿಬಿಟ್ಟ. "ನೋಡು, ಬೇಜಾರ್ ಮಾಡ್ಕೋಬೇಡ. ಇದೊಂದನ್ನೂ ನಾನೇ ಹಾಡಿಬಿಡ್ತೀನಿ. ನೀನು ಕೋರಸ್ ಹಾಡು. ನಿನ್ನ ಹೆಸರೇ ಇರುತ್ತೆ, ಬರೆದೋಳು ಅಂತ."

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ "ಬೇಡ" ಅನ್ನಲಿಲ್ಲ. ಬದುಕಿನಲ್ಲಿ ಮೊದಲ ಸಲವೇನೋ!

"ನೋಡೋಣ," ಅಂದರು. "ಇಬ್ಬರದ್ದೂ ತಗೋತೀನಿ. ಹಾಡಿಗೆ ಯಾರದ್ದು ಬೇಕೋ ಅವರದ್ದು."

ಆಮೇಲೆ ಜಡೆಗೆ ಗಿಟಾರಿನ ತಂತಿಗಳನ್ನು ಒಂದು ಪೂರ್ತಿ ಸ್ವರ ಕೆಳಗಿಳಿಸಲು ಹೇಳಿದರು. ಮುನಿಯೂ ಇಳಿಸಿದ. ಈಗ ಅವಳಿಗೆ ಪಲ್ಲವಿ ನೆಲದ ಮೇಲೆ ನಡೆದಷ್ಟು ಸುಲಭವಾಯಿತು. ಬಿಡುಗಡೆಯಾದ ಹಾಗೆ ಹಾಡಿ ಮುಗಿಸಿದಳು. ಅತ್ತೆ ಮೂಗು ಮುರಿದರು.

"ತುಂಬ ಆರಾಮಾಗಿದೆ. ನಿದ್ದೆ ಇಲ್ಲದೋಳು ಹೀಗಿರ್ತಾಳಾ? ಮಧ್ಯಾಹ್ನ ಊಟ ಆಗಿ ಎಲೆಯಡಿಕೆ ಹಾಕ್ಕೊಂಡೋಳ ಹಾಗೆ ಕೇಳ್ತಿದೆ. ಅರ್ಧ ಸ್ವರ ಮೇಲಕ್ಕೆ ತನ್ನಿ. ಕೈ ಚಾಚಿದ್ರೆ ಸಿಗಬೇಕು, ಚಾಚದೆ ಸಿಗಬಾರದು."

ಮನೆಗೆ ಬಂದ ಮೇಲೆ ಅತ್ತೆ ಆ ವಿಷಯವೇ ಎತ್ತಲಿಲ್ಲ. ಮಗುವಿನ ಬಟ್ಟೆ ಮಡಿಸಿದರು, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂದರು. ಸೊಸೆ ಒಂದು ಮಾತಿಗಾಗಿ ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಓಡಾಡಿದ್ದೇ ಬಂತು. ಸ್ವಂತ ಸೊಸೆ ಅಂತ ಒಂದಿಷ್ಟೂ ಇಲ್ಲವಲ್ಲ! ಹಾಡು ಕೈಬಿಟ್ಟು ಹೋದರೆ ತಾನು ಮತ್ತೆ ಬ್ಯಾಂಡಿಗೆ ಹೋಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹೋಗಲು ಮುಖವಿರುವುದಿಲ್ಲ. ಮಗುವಿಗೆ ಹಾಲೂಡಿಸುತ್ತಾ, "ನಿಮ್ಮಮ್ಮ ಒಂದು ಕಾಲದಲ್ಲಿ ಹಾಡ್ತಿದ್ದಳು" ಅಂತ ಹೇಳಿಕೊಳ್ಳುವವರ ಸಾಲಿಗೆ ತಾನೂ ಸೇರಿಬಿಡುತ್ತೇನೆಂದು ಕಣ್ಣೀರು ಬಂತು.

ಸ್ಟುಡಿಯೋದ ಮೊದಲ ದಿನ. ವೇಳೆಯನ್ನೆಲ್ಲ ಅತ್ತೆಯೇ ಗೊತ್ತುಮಾಡಿದ್ದರು: ಬೆಳಿಗ್ಗೆ ಹಾಲೂಡಿಸಿದ ಮೇಲೆ ಶುರು, ಮಧ್ಯಾಹ್ನ ಮಾವ ಮಗುವನ್ನು ಕರೆತಂದಾಗ ಬಿಡುವು. "ಎದೆ ಭಾರ ಆಗಿದ್ರೆ ಉಸಿರು ಕೆಳಗಿಳಿಯಲ್ಲ," ಎಂದು ಇಂಜಿನಿಯರಿಗೇ ಹೇಳಿದ್ದರು, ಅವನು ಕೆಂಪಾಗಿ ತಂತಿ ಸುತ್ತತೊಡಗಿದ್ದ.

ಆ ದಿನದ ಕೆಲಸ ಡ್ರಮ್, ಬೇಸ್ ಮತ್ತು ಗಿಟಾರನ್ನು ಒಟ್ಟಿಗೇ ಹಿಡಿಯುವುದು. ದೊಡ್ಡ ಕೋಣೆಯಲ್ಲಿ ಡ್ರಮ್. ಗಿಟಾರಿನ ಸದ್ದು ಹೊರಡುವ ಆಂಪ್ ಪೆಟ್ಟಿಗೆಯನ್ನು ಪಡಸಾಲೆಯ ಕೊನೆಯ ಉಗ್ರಾಣದಲ್ಲಿಟ್ಟು ಬಾಗಿಲು ಹಾಕಿದರು, ಸದ್ದು ಡ್ರಮ್ಮಿನ ಮೈಕುಗಳಿಗೆ ಬೀಳದಿರಲಿ ಅಂತ. ಬೇಸ್ ಮೈಕಿಲ್ಲದೆ ನೇರವಾಗಿ ತಂತಿಯಲ್ಲೇ ರೆಕಾರ್ಡಿಂಗ್ ಯಂತ್ರಕ್ಕೆ ಹೋಯಿತು. ಸೊಸೆ ಹಾಡಬೇಕಾದದ್ದು ಗೈಡ್ ಮಾತ್ರ, ಅಂದರೆ ಬಾರಿಸುವವರಿಗೆ ಹಾಡಿನಲ್ಲಿ ಎಲ್ಲಿದ್ದೇವೆ ಅಂತ ತಿಳಿಯಲು ಜೊತೆಗೊಂದು ದಾರಿ ತೋರಿಸುವ ಹಾಡಿಕೆ. ಅದು ಆಮೇಲೆ ಅಳಿಸುವಂಥದ್ದು.

ಅತ್ತೆ ಅವಳನ್ನು ದಪ್ಪಣ್ಣನ ಎದುರಿಗೇ ನಿಲ್ಲಿಸಿ ಕೈಗೊಂದು ಸ್ಟೇಜಿನ ಮೈಕು ಕೊಟ್ಟರು. ಇಂಜಿನಿಯರ್ ತಲೆ ಕೆರೆದುಕೊಂಡ. "ಅಮ್ಮಾ, ಇಲ್ಲಿ ನಿಂತ್ರೆ ಡ್ರಮ್ಮೆಲ್ಲ ಇವರ ಮೈಕಿಗೆ ಬೀಳುತ್ತೆ. ಆಮೇಲೆ ಬೇರೆ ಮಾಡೋಕಾಗಲ್ಲ."

"ಗೈಡ್ ತಾನೆ? ಅವನಿಗೆ ಅವಳ ಮುಖ ಕಾಣ್ಲಿ. ಗೋಡೆ ನೋಡ್ಕೊಂಡು ಬಾರಿಸಿದ್ರೆ ಗೋಡೆ ಹಾಗೇ ಇರುತ್ತೆ."

ಮೊದಲ ಸಲ ದಪ್ಪಣ್ಣ ಕಿವಿಯಲ್ಲಿ ಟಿಕ್ ಟಿಕ್ ಅಂತ ಲಯ ತೋರಿಸುವ ಕ್ಲಿಕ್ಕಿಗೆ ಅಂಟಿಕೊಂಡು ಬಾರಿಸಿದ. ಒಂದೂ ತಪ್ಪಿಲ್ಲ. ಗಾಜಿನಾಚೆಯಿಂದ ಅತ್ತೆಯ ಧ್ವನಿ ಹೆಡ್‌ಫೋನಿಗೆ ಬಂತು. "ಬಹಳ ಸರಿಯಾಗಿದೆ ಕಣಯ್ಯ, ಹೊಲಿಗೆ ಮೆಷಿನ್ನು. ಕ್ಲಿಕ್ ಆರಿಸ್ತೀವಿ. ಅವಳನ್ನ ನೋಡ್ಕೊಂಡು ಬಾರಿಸು. ಪಲ್ಲವೀಲಿ ಚೂರು ಓಡಿದ್ರೆ ಓಡ್ಲಿ."

ಕ್ಲಿಕ್ ಆರಿತು. ಅಳಿಸಿಹೋಗುವ ಹಾಡಿಕೆ ತಾನೇ ಅಂತ ಸೊಸೆಗೆ ಹೆದರಿಕೆಯೂ ಇರಲಿಲ್ಲ. ಒಂದೆರಡು ಸಲ ಹಾಡಿದರು, ನಿಲ್ಲಿಸಿದರು, ಮತ್ತೆ ಹಾಡಿದರು. ಆಮೇಲಿನ ಒಂದು ಸಲ ಮೈಮರೆತಿರಬೇಕು: ಕೊನೆಯ ಪಲ್ಲವಿಗೆ ಮುಂಚೆ ದಪ್ಪಣ್ಣ ಅವಳ ಮುಖವನ್ನೇ ನೋಡುತ್ತಾ ಬಾರಿಸುವುದನ್ನು ಒಂದು ಕ್ಷಣ ಮರೆತ. ಅವಳು "ಎದ್ದೇ" ಅಂದಾಗ ಕೆಳಗೆ ಏನೂ ಇಲ್ಲ. ಗಾಬರಿಯಿಂದ ಅವನು ಆಮೇಲೆ ಹಾರಿ ಬಿದ್ದು ಸೇರಿಕೊಂಡ. ಹಾಡು ಮುಗಿದು ತಟ್ಟೆಯ ಸದ್ದು ಪೂರ್ತಿ ಆರುವವರೆಗೆ ಯಾರೂ ಅಲುಗಾಡಬಾರದೆಂದು ಇಂಜಿನಿಯರ್ ಕೈ ಎತ್ತಿ ಹಿಡಿದಿದ್ದ. ಕೈ ಇಳಿಯಿತು.

"ಇದು ಸಿಕ್ತು. ಸಾಕು," ಅಂದರು ಅತ್ತೆ. "ಕಾಫಿ."

ಎರಡನೆಯ ದಿನ ಹಾಡಿಕೆ. ಚಿಕ್ಕ ಕೋಣೆ, ಒಳ್ಳೆಯ ಮೈಕು, ಮುಂದೆ ಉಸಿರು ತಡೆಯುವ ಬಲೆ. ಅವಳು ಹಾಡಿದಳು, ಮತ್ತೆ ಹಾಡಿದಳು. ಒಂದು ಸ್ವರವೂ ಜಾರಲಿಲ್ಲ, ತುದಿಯದೂ ಸಿಕ್ಕಿತು. ಆದರೆ ಗಾಜಿನಾಚೆ ಅತ್ತೆಯ ಮುಖ ಗೋಡೆ ಗಡಿಯಾರದ ಹಾಗಿತ್ತು. ಅವರು ಏನೇನೋ ಮಾಡಿ ನೋಡಿದರು. ಮೈಕಿಗೆ ಹತ್ತಿರ ನಿಲ್ಲಿಸಿದರು, ದೀಪ ಆರಿಸಿದರು, ಒಂದು ಕಿವಿಯ ಹೆಡ್‌ಫೋನ್ ತೆಗೆಸಿದರು. "ಸ್ವರ ನೆನಪಿಟ್ಕೊಳ್ಬೇಡ, ಮಾತು ಹೇಳು," ಅಂದರು. ಅವಳು ಹೇಳಿದಳು. ಏನೂ ಆಗಲಿಲ್ಲ. ಕೇಳಿದರೆ ಅವಳಿಗೇ ಗೊತ್ತಾಗುತ್ತಿತ್ತು, ಇದು ಪರೀಕ್ಷೆ ಬರೆಯುವವಳ ಧ್ವನಿ.

"ಇಂಜಿನಿಯರ್ ಸಾಲು ಸಾಲು ಆರಿಸಿ ಒಂದಕ್ಕೊಂದು ಜೋಡಿಸಬಹುದಲ್ವಾ ಅತ್ತೆ? ಎಲ್ಲರೂ ಹಾಗೇ ಮಾಡ್ತಾರಂತಲ್ಲ."

"ಮಾಡಬಹುದು. ಆದ್ರೆ ಎಲ್ಲ ಸಾಲೂ ಒಂದೇ ಥರ ಇವೆ. ಯಾವುದನ್ನ ಆರಿಸಲಿ?" ಅಂದರು. ಕೆಡುಕಿನಿಂದ ಅಂದದ್ದಲ್ಲ. ಅದಕ್ಕೇ ಹೆಚ್ಚು ನೋವಾಯಿತು. "ಹೋಗಿ ಪಾಪುನ ನೋಡ್ಕೊಂಡು ಬಾ. ಜಡೆ, ನೀನು ಹೋಗು ಒಳಗೆ."

ಪಡಸಾಲೆಯಲ್ಲಿ ಮಾವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಓಡಾಡುತ್ತಿದ್ದರು. ಅವಳು ಹಾಲೂಡಿಸುತ್ತಾ ಕೂತಳು. ಬಾಗಿಲಿನ ಸಂದಿಯಿಂದ ಜಡೆಯ ಹಾಡು ಕೇಳುತ್ತಿತ್ತು, ಚೆನ್ನಾಗಿಯೇ ಇತ್ತು. ಮಾವ ಅವಳ ಮುಖ ನೋಡಿ, "ಇವನ ಗಂಟಲು ಏನಮ್ಮ, ಬಾವಿಗೆ ಬಿಂದಿಗೆ ಬಿಟ್ಟ ಹಾಗಿದೆ" ಅಂದರು. ನಗು ಬರಲಿಲ್ಲ.

ಒಳಗೆ ಹಾಡು ತಟ್ಟನೆ ನಿಂತಿತು. ಮತ್ತೆ ಶುರುವಾಗಿ ಮತ್ತೆ ನಿಂತಿತು. ಅವಳು ಮಗುವನ್ನು ಮಾವನಿಗೆ ಕೊಟ್ಟು ಅತ್ತೆ ಕೂತಿದ್ದ ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದಳು. ಜಡೆ ಗಾಜಿನಾಚೆ ಕೈಬೀಸುತ್ತಿದ್ದ. "ಅಮ್ಮಾ, ನೀವು ಎರಡನೇ ಚರಣ ಕತ್ತರಿಸಿದೀರಲ್ಲ, ಎಲ್ಲಿ ಹೊಕ್ಕೊಬೇಕೋ ಗೊತ್ತಾಗ್ತಿಲ್ಲ. ನಿನ್ನೆಯ ಗೈಡ್ ಹಾಕಿ ಕಿವಿಗೆ, ಹಿಡ್ಕೊಂಡು ಹೋಗ್ತೀನಿ."

ಇಂಜಿನಿಯರ್ ಗೈಡನ್ನು ಅವನ ಹೆಡ್‌ಫೋನಿಗೆ ಕಳಿಸಿದ. ಹಾಡು ಓಡಿತು. ಜಡೆ ಬಾಯಿ ತೆರೆದು ನಿಂತ, ಹಾಡಲಿಲ್ಲ. ಒಂದು ಪಲ್ಲವಿ ದಾಟಿತು, ಎರಡನೆಯ ಚರಣ ದಾಟಿತು. ಅವನು ಸುಮ್ಮನೆ ಕೇಳುತ್ತಿದ್ದ. ಆಮೇಲೆ ಹೆಡ್‌ಫೋನ್ ತೆಗೆದಿಟ್ಟು, ಬಾಗಿಲು ತೆಗೆದುಕೊಂಡು ಕಂಟ್ರೋಲ್ ರೂಮಿಗೇ ಬಂದುಬಿಟ್ಟ.

"ಅಮ್ಮಾ, ಇದನ್ನ ಕೇಳಿದೀರಾ ನೀವು?"

"ಯಾವುದನ್ನ?"

"ಗೈಡ್. ಸ್ಪೀಕರಲ್ಲಿ ಹಾಕಿ. ನಾನು ಹಾಡಲ್ಲ, ನನಗೇನು ಹುಚ್ಚಾ?"

ಹಾಕಿದರು. ಡ್ರಮ್ಮಿನ ಗದ್ದಲದ ನಡುವೆ ಅವಳ ಧ್ವನಿ, ಒರಟು, ಬಿಸಿ, ಸಾಲಿನ ಕೊನೆಗೆ ಉಸಿರು ಸಾಲದೆ ಮುಂದಿನದಕ್ಕೆ ತೂರಿಕೊಂಡು ಹೋಗುವಂಥದ್ದು. ಸೊಸೆ ತನ್ನದೇ ಧ್ವನಿಗೆ ಬೆಚ್ಚಿದಳು. ಇವಳು ಯಾರು? ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ಆದರೆ ಕೊನೆಯ ಪಲ್ಲವಿ ಬಂದದ್ದೇ ತಡ, ಎಲ್ಲ ಕಲಸಿಹೋಯಿತು. ಒಂದು ಡ್ರಮ್ಮಿಗೆ ಎರಡು ಡ್ರಮ್ಮು, ಒಬ್ಬ ಮೆಟ್ಟಿಲು ಇಳಿಯುತ್ತಾ ಇನ್ನೊಬ್ಬನ ಕಾಲು ತುಳಿದ ಹಾಗೆ.

ಅತ್ತೆ ಕಣ್ಣು ತೆರೆದರು. "ಡ್ರಮ್ ಯಾರು ಮುಟ್ಟಿದ್ದು?"

ಸೋಫಾದ ಮೇಲಿದ್ದ ದಪ್ಪಣ್ಣ ಇನ್ನಷ್ಟು ತೆಳ್ಳಗಾದ. "ಬೆಳಿಗ್ಗೆ ನೀವು ಬರೋಕೆ ಮುಂಚೆ... ಅಲ್ಲಿ ನಾನು ತಪ್ಪಿದ್ನಲ್ಲ ಅಮ್ಮಾ, ತಡವಾಗಿ ಬಿದ್ದೆ. ನಾಚಿಕೆ ಆಯ್ತು. ಕೊನೇ ಪಲ್ಲವಿಯಿಂದ ಮತ್ತೆ ಬಾರಿಸಿ ಸೇರಿಸಿದ್ವಿ. ಗೈಡ್ ಹೇಗೂ ಅಳಿಸೋದು ಅಂತ..."

ಈಗ ಇಂಜಿನಿಯರ್ ವಿವರಿಸಬೇಕಾಗಿರಲಿಲ್ಲ, ಸೊಸೆಗೂ ಅರ್ಥವಾಯಿತು. ಅವಳ ಮೈಕಿನೊಳಗೆ ಬಿದ್ದಿದ್ದು ನಿನ್ನೆಯ ಡ್ರಮ್ಮು, ಉಳಿದ ಮೈಕುಗಳಲ್ಲಿ ಇಂದಿನದು.

"ಹಳೇದು ಇದೆಯಾ?"

"ಇದೆ ಅಮ್ಮಾ," ಅಂದ ಇಂಜಿನಿಯರ್, "ಕೆಳಗಿನ ಟ್ರ್ಯಾಕಲ್ಲಿ ಇಟ್ಟಿದೀನಿ. ಅಳಿಸಿಲ್ಲ."

"ಮೇಲಕ್ಕೆ ತಾ."

ಹಳೆಯದು ಬಂತು. ಕೊನೆಯ ಪಲ್ಲವಿಯ ಬಾಗಿಲಲ್ಲಿ ಡ್ರಮ್ ಸುಮ್ಮನಾಯಿತು. ಆ ಖಾಲಿಯಲ್ಲಿ ಅವಳೊಬ್ಬಳೇ "ಎದ್ದೇ" ಅಂದಳು, ಧ್ವನಿ ನಡುವೆ ಬಿರಿಯಿತು, ಆಮೇಲೆ ದಪ್ಪಣ್ಣ ಓಡಿಬಂದು ಅವಳನ್ನು ಎತ್ತಿಕೊಂಡ ಹಾಗೆ ಬಿದ್ದ. ಹಾಡು ಮುಗಿಯಿತು. ಎಂದೂ ಬಾಯಿಬಿಡದ ಮುನಿ, "ಅದೇ," ಅಂದ.

ದಪ್ಪಣ್ಣ ಕೈ ಹಿಸುಕಿಕೊಂಡ. "ಆದ್ರೆ ಕೇಳೋರಿಗೆಲ್ಲ ಗೊತ್ತಾಗುತ್ತೆ ಅಮ್ಮಾ, ನಾನು ತಪ್ಪಿದ್ದು."

"ಗೊತ್ತಾಗ್ಲಿ ಬಿಡು. ನೀನು ಅವಳ ಮಾತು ಕೇಳ್ತಿದ್ದೆ ಅಂತ ಗೊತ್ತಾಗುತ್ತೆ."

"ಅತ್ತೆ," ಅಂದಳು ಸೊಸೆ. "ನನ್ನದೂ ಅಲ್ಲಿ ಬಿರಿದಿದೆ. ಆ ಒಂದು ಪದ ಮಾತ್ರ ಮತ್ತೆ ಹಾಡಿಬಿಡ್ತೀನಿ."

"ಆಗಲ್ಲ. ಆ ಮೈಕಲ್ಲಿ ಸುತ್ತಮುತ್ತ ಎಲ್ಲ ಡ್ರಮ್ಮಿದೆ. ಒಂದು ಪದ ಕಿತ್ತರೆ ಕೋಣೇನೇ ಕಿತ್ತ ಹಾಗೆ, ಕಿವಿಗೆ ಹೊಡೆಯುತ್ತೆ. ತಗೊಂಡ್ರೆ ಪೂರ್ತಿ, ಬಿಟ್ರೆ ಪೂರ್ತಿ." ಕುರ್ಚಿ ತಿರುಗಿಸಿ ಅವಳನ್ನು ನೋಡಿದರು. "ಹಾಡು ನಿಂದು, ಧ್ವನಿ ನಿಂದು. ನಾನು ಬೇಕು ಅಂತೀನಿ. ನೀನು ಹೇಳು."

ಅವಳಿಗೆ ಅನುಮಾನ ಬಂತು. "ನೀವು ಮೊದಲೇ ಹೀಗಂತ ಲೆಕ್ಕ ಹಾಕಿದ್ರಾ? ಗೈಡ್ ಅಂತ ಹೇಳಿ ನನ್ನ ಹತ್ರ ಹಾಡಿಸ್ಕೊಂಡ್ರಾ?"

ಬೇರೆಯವರಾಗಿದ್ದರೆ ಹೌದು ಅಂದು ಹೆಸರು ತಗೊಳ್ಳುತ್ತಿದ್ದರು. ಅತ್ತೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ಇಲ್ಲ ಕಣೆ. ಬೇರೆ ಯಾರೇ ಆಗಿದ್ರೂ ನಿನ್ನೆ ಸಂಜೆನೇ ಗೈಡ್ ಹಾಕಿ ಕೇಳ್ತಿದ್ದೆ. ನಾನು ಯಾವಾಗ್ಲೂ ಕೇಳ್ತೀನಿ. ನಿಂದು ಮಾತ್ರ ನೀನು ಹಾಡೋವಾಗ್ಲೇ ಸ್ಪೀಕರಲ್ಲಿ ಮುಚ್ಚಿಟ್ಟೆ. ಕೇಳಿ ಇಷ್ಟ ಆದ್ರೆ, ಸೊಸೆ ಅಂತ ಇಷ್ಟ ಆಯ್ತಾ ಅಂತ ನನಗೇ ಗೊತ್ತಾಗ್ತಿರಲಿಲ್ಲ. ಅದಕ್ಕೆ ಕೇಳಲೇ ಇಲ್ಲ." ಕನ್ನಡಕ ಹಾಕಿಕೊಂಡರು. "ಇವನು ಕೇಳಿಸಿದ. ಪುಣ್ಯಾತ್ಮ."

ಜಡೆ, "ಪುಣ್ಯಾತ್ಮನ ಶುರುವಿನ ಗಿಟಾರ್ ವಾಪಸ್ ಹಾಕ್ತೀರಾ?" ಅಂದ.

"ಬೇಡ."

ಸೊಸೆ ಇನ್ನೊಂದು ಸಲ ಹಾಕಿ ಅಂದಳು. ಬಿರಿದ ಜಾಗ ಬಂದಾಗ ಕೈಯಲ್ಲಿ ಕುರ್ಚಿಯ ಹಿಂಬದಿ ಹಿಡಿದುಕೊಂಡಳು. ಊರವರೆಲ್ಲ ಕೇಳುತ್ತಾರೆ. ಹೆರಿಗೆ ಆದ ಮೇಲೆ ಧ್ವನಿ ಹೋಯಿತು ಅನ್ನುವವರು ಇದ್ದೇ ಇರುತ್ತಾರೆ. ಅಂದುಕೊಳ್ಳಲಿ. ಇಷ್ಟು ಎದ್ದಿರುವವಳ ಧ್ವನಿ ಹೀಗೇ ಇರುವುದು.

"ಇರಲಿ," ಅಂದಳು.

ಅತ್ತೆ ಹೊಗಳಲಿಲ್ಲ, ಬೆನ್ನು ತಟ್ಟಲಿಲ್ಲ. ಆಗಲೇ ಮುಂದಿನ ಕೆಲಸಕ್ಕೆ ಹೋಗಿಯಾಗಿತ್ತು. ಪಲ್ಲವಿಯಲ್ಲಿ ಅವಳ ಕೆಳಗೆ ಇನ್ನೊಂದು ಧ್ವನಿ ಮೆತ್ತಗೆ ಬೇಕು, ಜಡೆ ಹಾಡಲಿ, ಆದರೆ ಆ ಖಾಲಿ ಜಾಗಕ್ಕೆ ಬಾಯಿ ಹಾಕಬಾರದು. ಜಡೆ ಮತ್ತೆ ಗಾಜಿನಾಚೆ ಹೋಗಿ ನಿಂತ. ಅತ್ತೆ ಸೊಸೆಯನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು. ಮೊದಲ ಸಲ ಅವನು ಜೋರಾಗಿ ಹಾಡಿದ. ಎರಡನೆಯ ಸಲ ಇನ್ನೂ ಜೋರು. ಅತ್ತೆ ಸೊಸೆಯ ಕಡೆ ನೋಡಿದರು, ಗಾಜಿನಾಚೆ ಮಾತಾಡುವ ಗುಂಡಿಯತ್ತ ಗಲ್ಲ ತೋರಿಸಿದರು.

ಅವಳು ಗುಂಡಿ ಒತ್ತಿದಳು. "ಜಡೆ, ಒಂದು ಹೆಜ್ಜೆ ಹಿಂದೆ ನಿಂತ್ಕೋ. ಪಾಪು ಮಲಗಿದೆ, ಎಬ್ಬಿಸದ ಹಾಗೆ ಹಾಡು."

ಅವನು ಹಿಂದೆ ಸರಿದು, ಮೈಕಿನಿಂದ ಮುಖ ಚೂರು ಓರೆ ಮಾಡಿ ಹಾಡಿದ. ಎರಡು ಧ್ವನಿ ಒಂದರೊಳಗೊಂದು ಕೂತವು. ಅತ್ತೆ ತಲೆಯಾಡಿಸಿ, ಇಂಜಿನಿಯರಿಗೆ ಅದನ್ನೇ ಇಟ್ಟುಕೋ ಎಂದು ಬೆರಳಲ್ಲಿ ಸನ್ನೆ ಮಾಡಿದರು.